50 ಪಾಸ್ಕಲ್ ಎಂಬ ಅರ್ಧ ಉತ್ತರ

ಎತ್ತರದ ಕಟ್ಟಡವೊಂದನ್ನು ಬಳಕೆಗೆ ಬಿಡುವ ಮುಂಚೆ ಅದರ ಮೆಟ್ಟಿಲುಕೋಣೆಯ ಗಾಳಿಯ ಒತ್ತಡವನ್ನು ಅಳೆಯುತ್ತಾರೆ. ಎಲ್ಲ ಮಹಡಿಗಳ ಬಾಗಿಲುಗಳನ್ನು ಮುಚ್ಚಿ ತಾರಸಿಯ ಮೇಲಿನ ದೊಡ್ಡ ಫ್ಯಾನ್ ಚಾಲೂ ಮಾಡುತ್ತಾರೆ. ಬಾಗಿಲಿನ ಸಂದಿಯಲ್ಲಿ ತೆಳುವಾದ ನಳಿಗೆಯೊಂದನ್ನು ತೂರಿಸಿ ಮ್ಯಾನೊಮೀಟರ್ ನೋಡುತ್ತಾರೆ. 50 ಪಾಸ್ಕಲ್‌ನ ಆಸುಪಾಸಿನ ಅಂಕಿ ಬಂದರೆ ವರದಿಗೆ ಸಹಿ ಬೀಳುತ್ತದೆ. ನನ್ನ ತಕರಾರು ಆ ಅಂಕಿಯನ್ನು ಬರೆದುಕೊಂಡ ಹೊತ್ತಿನ ಬಗ್ಗೆ. ಎಲ್ಲ ಬಾಗಿಲೂ ಮುಚ್ಚಿ ಶಾಂತವಾಗಿರುವ ಮೆಟ್ಟಿಲುಕೋಣೆಯಲ್ಲಿ ಇಳಿಯುವವರು ಯಾರೂ ಇರುವುದಿಲ್ಲ. ಜನ ಇಳಿಯತೊಡಗಿದರೆಂದರೆ ಬಾಗಿಲುಗಳು ತೆರೆಯುತ್ತ ಮುಚ್ಚುತ್ತಲೇ ಇರುತ್ತವೆ. ವ್ಯವಸ್ಥೆಯನ್ನು ಕಟ್ಟಿರುವುದು ಆ ಹದಿನೈದು ಇಪ್ಪತ್ತು ನಿಮಿಷಗಳಿಗಾಗಿ. ಪರೀಕ್ಷೆ ಮಾತ್ರ ಆ ನಿಮಿಷಗಳನ್ನು ಬಿಟ್ಟು ಉಳಿದದ್ದನ್ನು ನೋಡುತ್ತದೆ.

ಈ ಒತ್ತಡ ಬೇಕಾಗಿರುವುದು ಏಕೆಂಬುದು ಬೆಂಗಳೂರಿಗೆ ಗೊತ್ತಿದೆ. 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದಾಗ ಒಂಬತ್ತು ಜನ ಸತ್ತರು. ಹೊಗೆ ತಾಳಲಾರದೆ ಮೇಲಿನ ಮಹಡಿಗಳ ಕಿಟಕಿಯಿಂದ ಜನ ಹಾರಿದ್ದನ್ನು ಊರೆಲ್ಲ ನೋಡಿತು. ಇಳಿಯುವ ದಾರಿಗೆ ಹೊಗೆ ನುಗ್ಗದಂತೆ ತಡೆಯಲು ಇರುವ ಉಪಾಯಗಳಲ್ಲಿ ಒಂದು, ಮೆಟ್ಟಿಲುಕೋಣೆಯ ಒಳಗಿನ ಒತ್ತಡವನ್ನು ಮಹಡಿಗಳ ಒತ್ತಡಕ್ಕಿಂತ ತುಸು ಹೆಚ್ಚಾಗಿ ಇಡುವುದು. ಆಗ ಸಂದಿಗೊಂದಿಗಳಲ್ಲಿ ಗಾಳಿ ಮೆಟ್ಟಿಲ ಕಡೆಯಿಂದ ಮಹಡಿಯ ಕಡೆಗೆ ಹರಿಯುತ್ತದೆ, ಹೊಗೆಗೆ ಒಳಬರಲು ದಾರಿ ಇರುವುದಿಲ್ಲ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿ ಇದಕ್ಕೆ 50 ಪಾಸ್ಕಲ್ ಎಂದು ಗೊತ್ತುಮಾಡಿದೆ. ಐದು ಮಿಲಿಮೀಟರ್ ಎತ್ತರದ ನೀರು ಒತ್ತುವಷ್ಟೇ ಒತ್ತಡ ಅದು.

ಇಷ್ಟು ಅಲ್ಪ ಒತ್ತಡವನ್ನು ಕಾಯ್ದುಕೊಳ್ಳುವುದೇನು ಮಹಾ ಎನ್ನಿಸಬಹುದು. ಕಷ್ಟ ಇರುವುದು ಬಾಗಿಲಿನಲ್ಲಿ. ಮಹಡಿಯಿಂದ ಮೆಟ್ಟಿಲಿಗೆ ಬರುವ ಬಾಗಿಲು ಜನ ಓಡುವ ದಿಕ್ಕಿಗೇ, ಅಂದರೆ ಮೆಟ್ಟಿಲುಕೋಣೆಯ ಒಳಕ್ಕೆ ತೆರೆಯಬೇಕು. ಹಾಗಾಗಿ ತಪ್ಪಿಸಿಕೊಳ್ಳುವವರು ಆ ಒತ್ತಡದ ಎದುರಿಗೇ ಬಾಗಿಲನ್ನು ತಳ್ಳಬೇಕಾಗುತ್ತದೆ. ಒಂದು ಮೀಟರ್ ಅಗಲ, 2.1 ಮೀಟರ್ ಎತ್ತರದ ಬಾಗಿಲಿನ ಮೇಲೆ 50 ಪಾಸ್ಕಲ್ ಬಿದ್ದರೆ ಒಟ್ಟು ಬಲ 105 ನ್ಯೂಟನ್. ಬಾಗಿಲು ಕೀಲಿನ ಮೇಲೆ ತಿರುಗುವುದರಿಂದ, ಹಿಡಿಕೆಯ ಬಳಿ ತಳ್ಳುವವರಿಗೆ ಇದರ ಅರ್ಧಕ್ಕಿಂತ ತುಸು ಹೆಚ್ಚು, ಸುಮಾರು 56 ನ್ಯೂಟನ್ ತಗಲುತ್ತದೆ. ಇದಕ್ಕೆ ಡೋರ್ ಕ್ಲೋಸರ್‌ನ ಬಲ ಸೇರಬೇಕು. ಅದು 40 ನ್ಯೂಟನ್ ಎಂದಿಟ್ಟುಕೊಂಡರೆ ಒಟ್ಟು 96. ಯುರೋಪಿನ ನಿಯಮದಲ್ಲಿ ಬಾಗಿಲು ತೆರೆಯಲು ಬೇಕಾಗುವ ಬಲ 100 ನ್ಯೂಟನ್ ಮೀರಬಾರದು, ಅಮೆರಿಕದ ಎನ್‌ಎಫ್‌ಪಿಎ ನಿಯಮದಲ್ಲಿ 133. ಇದೇ ಬಾಗಿಲಿನ ಮಟ್ಟಿಗೆ ಮೊದಲನೆಯ ಮಿತಿ 53 ಪಾಸ್ಕಲ್‌ಗೇ ಮುಟ್ಟುತ್ತದೆ, ಎರಡನೆಯದು 82ಕ್ಕೆ. ಕೆಳಗಿನ ಮಿತಿ 50. ಅಂದರೆ ವಿನ್ಯಾಸಕಾರನ ಕೈಯಲ್ಲಿ ಉಳಿಯುವುದು ಒಂದು ಲೆಕ್ಕದಲ್ಲಿ ಮೂರು ಪಾಸ್ಕಲ್, ಇನ್ನೊಂದರಲ್ಲಿ ಮೂವತ್ತೆರಡು. ಬಾಗಿಲುಗಳು ಬಡಿದಾಡುತ್ತಿರುವಾಗಲೂ ಒತ್ತಡ ಈ ಕಿಂಡಿಯೊಳಗೇ ನಿಲ್ಲಬೇಕು.

ಡೋರ್ ಕ್ಲೋಸರ್ ಬಗ್ಗೆ ಇಲ್ಲೇ ಒಂದು ಮಾತು. ಅದನ್ನು ಬಾಗಿಲ ಗುತ್ತಿಗೆದಾರ ಹಾಕಿ ಹೋಗುತ್ತಾನೆ, ಗಾಳಿಯ ಲೆಕ್ಕ ಇನ್ಯಾರದೋ ಮೇಜಿನ ಮೇಲಿರುತ್ತದೆ. ಇಬ್ಬರೂ ಮಾತಾಡಿಕೊಂಡ ಕಟ್ಟಡಗಳು ಅಪರೂಪ. ಕ್ಲೋಸರ್‌ನ ತಿರುಪನ್ನು ಸಡಿಲಿಸಿ 40 ಇದ್ದದ್ದನ್ನು 30 ನ್ಯೂಟನ್‌ಗೆ ಇಳಿಸಿದರೆ ಯುರೋಪಿನ ಮಿತಿಯಲ್ಲೇ ಒತ್ತಡ 62 ಪಾಸ್ಕಲ್‌ವರೆಗೆ ಹೋಗಬಹುದು, ಮೂರು ಪಾಸ್ಕಲ್ ಇದ್ದ ಜಾಗ ಹನ್ನೆರಡಾಗುತ್ತದೆ. ಮೆಟ್ಟಿಲುಕೋಣೆಯೊಳಕ್ಕೆ ತೆರೆಯುವ ಬಾಗಿಲನ್ನು ಮುಚ್ಚಲು ಗಾಳಿಯ ಒತ್ತಡವೇ ನೆರವಾಗುವುದರಿಂದ, ಫ್ಯಾನ್ ನಿಂತಿರುವಾಗ ಬಾಗಿಲನ್ನು ಮುಚ್ಚಿ ಚಿಲಕ ಬೀಳಿಸುವಷ್ಟು ಬಲ ಕ್ಲೋಸರ್‌ಗೆ ಇದ್ದರೆ ಸಾಕು.

ಇನ್ನು ಗಾಳಿಯ ಲೆಕ್ಕ. ಇಪ್ಪತ್ತು ಮಹಡಿಯ ಕಚೇರಿ ಕಟ್ಟಡವೊಂದನ್ನು ಊಹಿಸಿಕೊಳ್ಳೋಣ. ಮಹಡಿಗೊಂದರಂತೆ ಇಪ್ಪತ್ತು ಬಾಗಿಲು, ನೆಲಮಟ್ಟದಲ್ಲಿ ಹೊರಕ್ಕೆ ಹೋಗುವ ಒಂದು ಬಾಗಿಲು. ಸಂದಿಯಿಂದ ಸೋರುವ ಗಾಳಿಗೆ ಈ ಕ್ಷೇತ್ರದವರೆಲ್ಲ ಬಳಸುವ ಸೂತ್ರ ಇದು:

Q = 0.83 × A × √ΔP

Q ಎಂದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಗಾಳಿ, A ಎಂದರೆ ಸಂದಿಗಳ ಒಟ್ಟು ವಿಸ್ತೀರ್ಣ ಚದರ ಮೀಟರಿನಲ್ಲಿ, ΔP ಎಂದರೆ ಪಾಸ್ಕಲ್‌ನಲ್ಲಿ ಒತ್ತಡದ ವ್ಯತ್ಯಾಸ. ಮುಚ್ಚಿದ ಒಂದು ಬಾಗಿಲಿನ ಸಂದಿಗಳನ್ನು ಒಟ್ಟುಗೂಡಿಸಿದರೆ ಸುಮಾರು 0.01 ಚದರ ಮೀಟರ್, ಹೊರಕ್ಕೆ ತೆರೆಯುವ ಬಾಗಿಲಿಗೆ ಅದರ ಎರಡರಷ್ಟು. ಎಲ್ಲ ಸೇರಿ 0.22. 50 ಪಾಸ್ಕಲ್ ನಿಲ್ಲಿಸಲು ಸೆಕೆಂಡಿಗೆ 1.3 ಘನ ಮೀಟರ್ ಗಾಳಿ ಸಾಕು. ಗೋಡೆಯ ಬಿರುಕು, ಪೈಪು ಹಾಯುವ ತೂತುಗಳಿಗೆಂದು ಸೇರಿಸಿ 2 ಎಂದಿಟ್ಟುಕೊಳ್ಳೋಣ.

ಈಗ ನೆಲಮಟ್ಟದ ಬಾಗಿಲನ್ನು ತೆರೆಯೋಣ. ಸಾಲಾಗಿ ಇಳಿದು ಬರುವ ಜನ ಅದನ್ನು ಮುಚ್ಚಗೊಡುವುದಿಲ್ಲ. ಆಗ 50 ಪಾಸ್ಕಲ್ ಕೇಳುವುದು ಅತಿಯಾಸೆ. ಯುರೋಪಿನ ಇಎನ್ 12101-6 ನಿಯಮದ 2005ರ ಆವೃತ್ತಿ ಇಂಥ ಕಚೇರಿ ಕಟ್ಟಡಗಳಿಗೆ ಆ ಸ್ಥಿತಿಯಲ್ಲಿ 10 ಪಾಸ್ಕಲ್ ಉಳಿದರೂ ಆದೀತು ಎಂದಿತ್ತು. ಆ 10ನ್ನು ಉಳಿಸಿಕೊಳ್ಳಲಿಕ್ಕೇ 2.1 ಚದರ ಮೀಟರಿನ ತೆರೆದ ಬಾಗಿಲಲ್ಲಿ ಸೆಕೆಂಡಿಗೆ 5.5 ಘನ ಮೀಟರ್ ಗಾಳಿ ಹೊರಹೋಗುತ್ತದೆ. ಮಿಕ್ಕ ಸೋರಿಕೆ, ಗಾಳಿ ಕೊಳವೆಯ ಸೋರಿಕೆ ಎಲ್ಲ ಕೂಡಿದರೆ ಫ್ಯಾನ್ 7 ಘನ ಮೀಟರಿನದಾಗಬೇಕು. ಇದೇ ಇಡೀ ಸಮಸ್ಯೆಯ ತಿರುಳು. ಬಾಗಿಲು ಮುಚ್ಚಿದ್ದರೆ 2 ಬೇಕು, ತೆರೆದರೆ 7 ಬೇಕು, ಫ್ಯಾನ್ ಒಂದೇ.

7 ಕೊಡುವ ಫ್ಯಾನ್ ಓಡುತ್ತಿರುವಾಗ ಕೆಳಗಿನ ಬಾಗಿಲು ಮುಚ್ಚಿಬಿಟ್ಟರೆ? ಸೂತ್ರದಲ್ಲಿ ವರ್ಗಮೂಲ ಇರುವುದರಿಂದ ಗಾಳಿ ಮೂರೂವರೆ ಪಟ್ಟಾದರೆ ಒತ್ತಡ ಹನ್ನೆರಡು ಪಟ್ಟಾಗುತ್ತದೆ. ಕಾಗದದ ಮೇಲೆ ಅದು 600 ಪಾಸ್ಕಲ್. ನಿಜದಲ್ಲಿ ಎದುರೊತ್ತಡ ಹೆಚ್ಚಿದಂತೆ ಫ್ಯಾನ್ ತಳ್ಳುವ ಗಾಳಿ ಕಡಿಮೆಯಾಗುತ್ತದೆ, ಹಾಗಾಗಿ ಅಷ್ಟು ಏರುವುದಿಲ್ಲ. ಅದು 200ಕ್ಕೇ ನಿಂತಿತು ಎನ್ನೋಣ. ಹಿಡಿಕೆಯ ಬಳಿ ಬೇಕಾಗುವ ಬಲ 266 ನ್ಯೂಟನ್, ಅಂದರೆ ಸುಮಾರು 27 ಕಿಲೋ ಎತ್ತುವಷ್ಟು ಬಲದಿಂದ ತಳ್ಳಬೇಕು. ವಯಸ್ಸಾದವರೊಬ್ಬರು ಹದಿನಾಲ್ಕನೇ ಮಹಡಿಯಲ್ಲಿ ಆ ಬಾಗಿಲಿನ ಮುಂದೆ ನಿಂತರೆ, ಅವರ ಪಾಲಿಗೆ ಅದು ಬೀಗ ಹಾಕಿದ ಬಾಗಿಲೇ. ಅವರನ್ನು ಹೊಗೆಯಿಂದ ಕಾಯಲು ಇಟ್ಟ ಯಂತ್ರವೇ ಅವರನ್ನು ಹೊಗೆಯಲ್ಲಿ ನಿಲ್ಲಿಸಿಬಿಟ್ಟಿರುತ್ತದೆ.

ಇದಕ್ಕೆ ಇವತ್ತು ಸಲೀಸಾಗಿ ಬರುವ ಉತ್ತರ ವಿಎಫ್‌ಡಿ. ಮೆಟ್ಟಿಲುಕೋಣೆಯಲ್ಲಿ ಒಂದು ಒತ್ತಡದ ಸೆನ್ಸರ್, ಅದು ಹೇಳಿದಂತೆ ಮೋಟಾರಿನ ವೇಗವನ್ನು ಏರಿಸಿ ಇಳಿಸುವ ಡ್ರೈವ್. ಒತ್ತಡ ಹೆಚ್ಚಾದರೆ ಫ್ಯಾನ್ ನಿಧಾನ, ಕಡಿಮೆಯಾದರೆ ಜೋರು. ನಕ್ಷೆಯಲ್ಲಿ ಚೆಂದ, ವಿದ್ಯುತ್ತಿನ ಉಳಿತಾಯದ ಮಾತೂ ಜೊತೆಗೆ ಬರುತ್ತದೆ (ವರ್ಷಕ್ಕೆ ಕೆಲವು ಗಂಟೆ ಪರೀಕ್ಷೆಗಷ್ಟೇ ಓಡುವ ಫ್ಯಾನಿನಲ್ಲಿ ಏನು ಉಳಿಯುತ್ತದೋ!). ಇದನ್ನು ಒಪ್ಪುವ ಮುಂಚೆ ಕಾಲದ ಲೆಕ್ಕವೊಂದನ್ನು ಮಾಡಬೇಕು. ನಾನು ನೋಡಿದ ವಿನ್ಯಾಸದ ಕಡತಗಳಲ್ಲಿ ಅದು ಇರುವುದೇ ಇಲ್ಲ.

ನಮ್ಮ ಊಹೆಯ ಮೆಟ್ಟಿಲುಕೋಣೆಯ ಒಳಗಿನ ಗಾತ್ರ ಸುಮಾರು 1,100 ಘನ ಮೀಟರ್. ಬೆಂಗಳೂರಿನ ಎತ್ತರದಲ್ಲಿ ವಾತಾವರಣದ ಒತ್ತಡ ಸುಮಾರು 91,000 ಪಾಸ್ಕಲ್. ಇಷ್ಟು ದೊಡ್ಡ ಕೋಣೆಯ ಒತ್ತಡವನ್ನು 50 ಪಾಸ್ಕಲ್‌ನಷ್ಟು ಏರಿಸಲು ಒಳಗೆ ಹೆಚ್ಚುವರಿಯಾಗಿ ತುರುಕಬೇಕಾದ ಗಾಳಿ ಎಷ್ಟು? 1,100ನ್ನು 50ರಿಂದ ಗುಣಿಸಿ 91,000ದಿಂದ ಭಾಗಿಸಿದರೆ ಬರುವುದು 0.6 ಘನ ಮೀಟರ್. ಬಾಗಿಲು ಮುಚ್ಚಿದಾಗ ಹೋಗಲು ದಾರಿಯಿಲ್ಲದೆ ಉಳಿಯುವ ಗಾಳಿ ಸೆಕೆಂಡಿಗೆ 5 ಘನ ಮೀಟರ್. ಹಾಗಾದರೆ ಒತ್ತಡ 50 ಪಾಸ್ಕಲ್ ಜಿಗಿಯಲು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು ಹೊತ್ತು ಸಾಕು. ಬಾಗಿಲೇನೂ ಥಟ್ಟನೆ ಮುಚ್ಚುವುದಿಲ್ಲ, ನಿಜ. ಆದರೆ ಅದು ಕೊನೆಯ ಗೇಣಿನಷ್ಟು ದೂರ ಚಲಿಸುವ ತನಕ ಗಾಳಿಗೆ ಸಾಕಷ್ಟು ದಾರಿ ಇದ್ದೇ ಇರುತ್ತದೆ. ಏರಿಕೆಯೆಲ್ಲ ಆ ಕೊನೆಯ ಗೇಣಿನಲ್ಲಿ ಆಗಿಹೋಗುತ್ತದೆ.

ಇದರ ಎದುರು ಫ್ಯಾನಿನ ಕಡೆ ನೋಡಿ. ಮಹಡಿಯಿಂದ ತಾರಸಿಯವರೆಗಿನ ಸಂಜ್ಞೆ, ಅದನ್ನು ಸರಾಸರಿ ಮಾಡಿ ನೋಡುವ ನಿಯಂತ್ರಕ, ವೇಗ ಬದಲಿಸಲು ಡ್ರೈವ್‌ಗೆ ಕೊಟ್ಟ ಸಮಯ, ಕೊನೆಗೆ ಭಾರವಾದ ಚಕ್ರ ನಿಧಾನವಾಗಲು ಬೇಕಾದ ಹೊತ್ತು. ಯುರೋಪಿನ ನಿಯಮದ ಅದೇ 2005ರ ಆವೃತ್ತಿ ಬಾಗಿಲು ತೆರೆದ ಅಥವಾ ಮುಚ್ಚಿದ 3 ಸೆಕೆಂಡಿನೊಳಗೆ ಹೊಸ ಗಾಳಿಯ ಪ್ರಮಾಣದ ಶೇಕಡಾ 90ರಷ್ಟನ್ನು ಮುಟ್ಟಬೇಕು ಎಂದು ಕೇಳಿತ್ತು. ಚೆನ್ನಾಗಿ ಹೊಂದಿಸಿದ ಡ್ರೈವ್ ಅದನ್ನು ಮಾಡಬಲ್ಲದು. ಕಾರ್ಖಾನೆಯಿಂದ ಬಂದ ಹೊಂದಿಕೆಯಲ್ಲೇ ಬಿಟ್ಟದ್ದು ಮಾಡಲಾರದು. ಅದು ಮೋಟಾರಿಗೆ ಪೆಟ್ಟಾಗದಂತೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವಂತಿರುತ್ತದೆ. ಆ ಸಮಯವನ್ನು ತೀರ ಕಡಿಮೆ ಮಾಡಿದರೆ ಇನ್ನೊಂದು ಪೀಕಲಾಟ: ಫ್ಯಾನ್ ಗುರಿಯ ಮೇಲೆ ಕೆಳಗೆ ತೂಗಾಡತೊಡಗುತ್ತದೆ. ಇಳಿಯುವ ಜನ ನಾಲ್ಕೈದು ಸೆಕೆಂಡಿಗೊಮ್ಮೆ ಬೇರೆ ಬೇರೆ ಮಹಡಿಯಲ್ಲಿ ಬಾಗಿಲು ತಳ್ಳುತ್ತಿದ್ದರೆ, ಫ್ಯಾನ್ ಯಾವಾಗಲೂ ಹಿಂದಿನ ಬಾಗಿಲಿಗೆ ಉತ್ತರ ಕೊಡುತ್ತಿರುತ್ತದೆ.

ಹಾಗಾಗಿ ನನ್ನ ವಾದ ಇಷ್ಟೇ. ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಆಗುವ ಏರಿಕೆಯನ್ನು ಹಿಡಿಯುವ ಕೆಲಸ ಫ್ಯಾನಿನದಲ್ಲ. ಆ ಕೆಲಸವನ್ನು ಮೆಟ್ಟಿಲುಕೋಣೆಯಲ್ಲೇ ಇರುವ, ವಿದ್ಯುತ್ತಾಗಲಿ ಸೆನ್ಸರ್ ಆಗಲಿ ಬೇಕಿಲ್ಲದ ಒತ್ತಡ ಬಿಡುಗಡೆ ಡ್ಯಾಂಪರ್‌ಗೆ ಒಪ್ಪಿಸಬೇಕು. ಡ್ರೈವ್ ಇದ್ದರೆ ಅದು ಒತ್ತಡವನ್ನು ಮೆಲ್ಲಗೆ ಸರಿಹೊಂದಿಸುವುದಕ್ಕಷ್ಟೇ ಇರಲಿ. ಈ ಡ್ಯಾಂಪರ್ ಕೆಲಸ ಮಾಡುವ ರೀತಿ ಅಡುಗೆಮನೆಯ ಕುಕ್ಕರಿನ ತೂಕದ್ದೇ: ಒಳಗಿನ ಒತ್ತಡ ಗೊತ್ತಾದ ಮಟ್ಟ ದಾಟಿದರೆ ಭಾರ ತಾನಾಗಿ ಮೇಲೇಳುತ್ತದೆ, ಇಳಿದರೆ ತಾನಾಗಿ ಕೂರುತ್ತದೆ. ಅದರ ಅಳತೆಯೂ ಕಷ್ಟದ್ದಲ್ಲ. ಒತ್ತಡ 60 ಪಾಸ್ಕಲ್ ದಾಟಬಾರದು ಎಂದುಕೊಳ್ಳೋಣ. ಆ ಒತ್ತಡದಲ್ಲಿ ಸಂದಿಗಳೇ 2.2 ಘನ ಮೀಟರ್ ಬಿಡುತ್ತವೆ. ಮಿಕ್ಕ 4.8 ಡ್ಯಾಂಪರಿನಲ್ಲಿ ಹೋಗಬೇಕು. ಅದೇ ಸೂತ್ರವನ್ನು ತಿರುಗಿಸಿದರೆ 0.75 ಚದರ ಮೀಟರ್. ರೆಕ್ಕೆಗಳು ಪೂರ್ತಿ ತೆರೆಯುವುದಿಲ್ಲವೆಂದು ಒಂದು ಚದರ ಮೀಟರಿನದನ್ನೇ ಹಾಕುವುದು ಒಳ್ಳೆಯದು. ಹೆಚ್ಚುಕಡಿಮೆ ಅರ್ಧ ಬಾಗಿಲಿನಷ್ಟು ದೊಡ್ಡದು. ವಾಸ್ತುಶಿಲ್ಪಿ ಇದನ್ನು ಕೊನೆಯ ಗಳಿಗೆಯಲ್ಲಿ ಕೇಳಿದರೆ ಜಾಗ ಕೊಡುವುದಿಲ್ಲ, ಮೊದಲೇ ಕೇಳಬೇಕು.

ಡ್ರೈವ್‌ನ ಪರ ಇರುವವರು ಇದಕ್ಕೆ ಆಕ್ಷೇಪ ಎತ್ತುತ್ತಾರೆ, ಮತ್ತು ಅವರ ಆಕ್ಷೇಪದಲ್ಲಿ ಹುರುಳಿದೆ. ಡ್ಯಾಂಪರ್ ಹೊರಗಾಳಿಗೆ ತೆರೆಯುತ್ತದೆ, ಹೊರಗಾಳಿ ಸುಮ್ಮನಿರುವುದಿಲ್ಲ. ಸೆಕೆಂಡಿಗೆ 10 ಮೀಟರ್ ವೇಗದ ಗಾಳಿಗೆ ಸುಮಾರು 60 ಪಾಸ್ಕಲ್ ಒತ್ತುವ ಶಕ್ತಿ ಇದೆ. ಇಪ್ಪತ್ತನೇ ಮಹಡಿಯ ಎತ್ತರದಲ್ಲಿ, ಮುಂಗಾರಿನ ದಿನಗಳಲ್ಲಿ, ಅಂಥ ಗಾಳಿ ಏನೂ ಅಪರೂಪವಲ್ಲ. ಅದರ ಬಹುಪಾಲು ನೇರವಾಗಿ ಡ್ಯಾಂಪರಿನ ಮುಖಕ್ಕೆ ಬಿದ್ದರೆ ರೆಕ್ಕೆಗಳು ಏಳುವುದೇ ಇಲ್ಲ. ಹಾಗಾಗಿ ಗಾಳಿ ಬೀಸುವ ಗೋಡೆಯಲ್ಲಿ ಡ್ಯಾಂಪರ್ ಇಟ್ಟದ್ದು ತಪ್ಪು ವಿನ್ಯಾಸ. ತಾರಸಿಯಲ್ಲಿ ಮೇಲ್ಮುಖವಾಗಿ, ಮರೆಯೊಳಗೆ, ಫ್ಯಾನ್ ಗಾಳಿ ಎಳೆದುಕೊಳ್ಳುವ ಬಾಯಿಯಿಂದ ದೂರದಲ್ಲಿ ಇರಬೇಕು. ಎರಡನೆಯ ಆಕ್ಷೇಪ ನಿರ್ವಹಣೆಯದು. ರೆಕ್ಕೆಯ ಕೀಲಿಗೆ ತುಕ್ಕು ಹಿಡಿಯುತ್ತದೆ, ಪಾರಿವಾಳ ಬಾರದಿರಲೆಂದು ಬಿಗಿದ ಬಲೆಯಲ್ಲಿ ಕಸ ಕಟ್ಟುತ್ತದೆ, ಮಳೆ ನೀರು ಒಳಗೆ ಹನಿಯಿತೆಂದು ಯಾರೋ ಪ್ಲಾಸ್ಟಿಕ್ ಹಾಳೆ ಮುಚ್ಚಿ ಟೇಪು ಸುತ್ತಿಬಿಡುತ್ತಾರೆ. ಇವೆಲ್ಲ ನಡೆಯುವುದೇ. ಆದರೂ ಕೆಟ್ಟಾಗ ಏನಾಗುತ್ತದೆ ಎಂಬುದನ್ನು ಹೋಲಿಸಿ ನೋಡಿ. ಟೇಪು ಸುತ್ತಿದ ಡ್ಯಾಂಪರ್ ತಾರಸಿಗೆ ಹೋದವರ ಕಣ್ಣಿಗೆ ಬೀಳುತ್ತದೆ. ತಪ್ಪು ಅಂಕಿ ಹೇಳುವ ಸೆನ್ಸರ್ ಯಾರ ಕಣ್ಣಿಗೂ ಬೀಳುವುದಿಲ್ಲ. ಇನ್ನೂ ಒಂದಿದೆ. ಡ್ರೈವ್ ಕೈಕೊಟ್ಟರೆ ಫ್ಯಾನ್ ನಿಲ್ಲದಿರಲೆಂದು ಮೋಟಾರನ್ನು ನೇರ ವಿದ್ಯುತ್ತಿಗೆ ಜೋಡಿಸುವ ಬೈಪಾಸ್ ಇಡುವುದುಂಟು, ಇಡಲೂಬೇಕು. ಆಗ ಫ್ಯಾನ್ ಪೂರ್ಣ ವೇಗದಲ್ಲಿ ಓಡುತ್ತದೆ. ಡ್ಯಾಂಪರ್ ಇಲ್ಲದ ಕಟ್ಟಡದಲ್ಲಿ ಆ ಬೈಪಾಸ್ ಎಂದರೆ ನಾವು ಮೇಲೆ ಲೆಕ್ಕ ಹಾಕಿದ 200 ಪಾಸ್ಕಲ್.

ಡ್ಯಾಂಪರಿನಿಂದಲೂ ತೀರದ ಒಂದು ವಿಷಯವನ್ನು ಒಪ್ಪಿಕೊಳ್ಳಬೇಕು. ನಾಲ್ಕೈದು ಮಹಡಿಗಳ ಬಾಗಿಲು ಒಟ್ಟಿಗೆ ತೆರೆದು ನಿಂತರೆ ಯಾವ ಫ್ಯಾನೂ ಒತ್ತಡ ಉಳಿಸಲಾರದು. ಎಷ್ಟು ಬಾಗಿಲು ಒಟ್ಟಿಗೆ ತೆರೆದಿರಬಹುದು ಎಂದು ವಿನ್ಯಾಸಕಾರ ಒಂದು ಸಂಖ್ಯೆಯನ್ನು ಆರಿಸಿಕೊಳ್ಳುತ್ತಾನೆ. ಅದನ್ನು ಕಟ್ಟಡದ ಮಾಲೀಕನಿಗೂ, ಜನರನ್ನು ಹಂತಹಂತವಾಗಿ ಇಳಿಸುವ ಯೋಜನೆ ಮಾಡುವವರಿಗೂ ಬರೆದು ತಿಳಿಸುವುದು ಅವನ ಕೆಲಸ. ಇಡೀ ಕಟ್ಟಡಕ್ಕೆ ಒಂದೇ ಸಲ ಗಂಟೆ ಬಾರಿಸುವ ಯೋಜನೆಯಿದ್ದು, ಫ್ಯಾನನ್ನು ಒಂದೇ ಬಾಗಿಲಿಗೆಂದು ಲೆಕ್ಕ ಹಾಕಿದ್ದರೆ ಎರಡು ಕಾಗದಗಳು ಒಂದನ್ನೊಂದು ಓದಿಯೇ ಇಲ್ಲ ಎಂದರ್ಥ.

ಬೆಂಕಿ ಬಿದ್ದ ಮಹಡಿಯ ಬಾಗಿಲು ತೆರೆದಾಗ ಒತ್ತಡಕ್ಕಿಂತ ಗಾಳಿಯ ಹರಿವು ಮುಖ್ಯ. ಸೆಕೆಂಡಿಗೆ 0.75 ಮೀಟರ್ ವೇಗದಲ್ಲಿ ಗಾಳಿ ಮಹಡಿಯೊಳಕ್ಕೆ ಬೀಸಿದರೆ ಹೊಗೆ ಹಿಮ್ಮೆಟ್ಟುತ್ತದೆ ಎಂಬ ಲೆಕ್ಕ. ಬಾಗಿಲಿನ ಅಳತೆಗೆ ಅದು ಸೆಕೆಂಡಿಗೆ 1.6 ಘನ ಮೀಟರ್. ಒಳಬಂದ ಗಾಳಿ ಎಲ್ಲಿಗೆ ಹೋಗಬೇಕು? ಹಳೆಯ ಕಟ್ಟಡಗಳ ಕಿಟಕಿಗಳು ಅದಕ್ಕೆ ದಾರಿ ಕೊಡುತ್ತಿದ್ದವು. ಹೊರವರ್ತುಲ ರಸ್ತೆಯ ಉದ್ದಕ್ಕೂ ಎದ್ದಿರುವ ಗಾಜಿನ ಕಟ್ಟಡಗಳಲ್ಲಿ ತೆರೆಯುವ ಕಿಟಕಿಯೇ ಇಲ್ಲ. ಮಹಡಿಯ ಒತ್ತಡವೂ ಏರಿ ಮೆಟ್ಟಿಲುಕೋಣೆಯದಕ್ಕೆ ಸಮವಾಗುತ್ತದೆ, ಹರಿವು ನಿಲ್ಲುತ್ತದೆ, ಹೊಗೆ ನಿಧಾನವಾಗಿ ಬಾಗಿಲಿನ ಮೇಲ್ಭಾಗದಿಂದ ಒಳಬರುತ್ತದೆ. ಇದನ್ನು ತಪ್ಪಿಸಲು ಆ ಮಹಡಿಯಿಂದ ಹೊರಕ್ಕೆ ಸುಮಾರು 0.6 ಚದರ ಮೀಟರ್ ದಾರಿ ತೆರೆಯಬೇಕು, ಇಲ್ಲವೇ ಹೊಗೆ ಎಳೆಯುವ ಫ್ಯಾನ್ ಇರಬೇಕು. ಎರಡನೆಯದನ್ನು ಆರಿಸಿದವರು ಒಂದು ಕೂಡುವ ಲೆಕ್ಕ ಮರೆಯುತ್ತಾರೆ. ಎಳೆಯುವ ಫ್ಯಾನ್ ಮಹಡಿಯನ್ನು 30 ಪಾಸ್ಕಲ್ ಕೆಳಗಿಳಿಸಿದರೆ, ಮುಚ್ಚಿದ ಬಾಗಿಲಿನ ಎರಡು ಬದಿಯ ವ್ಯತ್ಯಾಸ 50 ಅಲ್ಲ, 80. ಹಿಡಿಕೆಯ ಬಳಿ 130 ನ್ಯೂಟನ್. ಎರಡು ವ್ಯವಸ್ಥೆಗಳನ್ನೂ ಬೇರೆ ಬೇರೆ ದಿನ ಪರೀಕ್ಷಿಸಿದರೆ ಎರಡೂ ಪಾಸಾಗುತ್ತವೆ. ಬಾಗಿಲು ಮಾತ್ರ ಸುಲಭವಾಗಿ ತೆರೆಯುವುದಿಲ್ಲ.

ಆದ್ದರಿಂದ ಪರೀಕ್ಷೆಯ ಕ್ರಮವೇ ಬದಲಾಗಬೇಕು. ಮೊದಲು ಎಲ್ಲ ಬಾಗಿಲು ಮುಚ್ಚಿ ಒತ್ತಡ ಅಳೆಯಲಿ, ಅದು ಇರಲಿ. ಬಳಿಕ ಪ್ರತಿ ಮಹಡಿಯಲ್ಲೂ ಹಿಡಿಕೆಗೆ ಬಲ ಅಳೆಯುವ ಸ್ಪ್ರಿಂಗ್ ತಕ್ಕಡಿ ಹಿಡಿದು, ಹೊಗೆ ಎಳೆಯುವ ಫ್ಯಾನ್ ಓಡುತ್ತಿರುವಾಗಲೇ, ಬಾಗಿಲು ತೆರೆಯಲು ಬೇಕಾದ ಬಲವನ್ನು ಬರೆದುಕೊಳ್ಳಲಿ. ಆಮೇಲೆ ನೆಲಮಟ್ಟದ ಬಾಗಿಲನ್ನು ತೆರೆದಿಟ್ಟು, ಒತ್ತಡ ನೆಲೆಗೆ ನಿಂತ ಮೇಲೆ, ಕ್ಲೋಸರ್ ತಾನೇ ಮುಚ್ಚುವಂತೆ ಬಿಡಬೇಕು. ಈ ಹೊತ್ತಿನಲ್ಲಿ ಮ್ಯಾನೊಮೀಟರ್ ಸೆಕೆಂಡಿಗೆ ಹಲವು ಸಲ ಅಂಕಿ ದಾಖಲಿಸುತ್ತಿರಬೇಕು. ಉಪಕರಣದಲ್ಲಿ ಅಂಕಿ ಕುಣಿಯದಿರಲೆಂದು ಸರಾಸರಿ ತೋರಿಸುವ ಹೊಂದಿಕೆ ಇರುತ್ತದೆ. ಅದನ್ನು ತೆಗೆಯದೆ ಅಳೆದರೆ ಒತ್ತಡ ಹಾರಿದ ಎರಡು ಸೆಕೆಂಡು ಕಾಗದದಲ್ಲಿ ಕಾಣುವುದೇ ಇಲ್ಲ. ಡ್ರೈವ್ ಅನ್ನು ಬೈಪಾಸ್‌ಗೆ ಹಾಕಿ ಇದನ್ನೇ ಇನ್ನೊಮ್ಮೆ ಮಾಡಬೇಕು.

ನೆಲಮಟ್ಟದ ಬಾಗಿಲು ಇದರಲ್ಲಿ ತಾನೇ ಒಂದು ಸಾಕ್ಷಿ. ಅದು ಹೊರಕ್ಕೆ ತೆರೆಯುವುದರಿಂದ ಒತ್ತಡ ಅದನ್ನು ಮುಚ್ಚಗೊಡದೆ ತಳ್ಳುತ್ತದೆ. 50 ಪಾಸ್ಕಲ್‌ಗೆ 56 ನ್ಯೂಟನ್ ಎಂದು ಮೇಲೆ ಬಂದ ಲೆಕ್ಕವೇ ಇಲ್ಲಿ ಕ್ಲೋಸರ್‌ನ ಎದುರಾಳಿ. 40 ನ್ಯೂಟನ್‌ನ ಕ್ಲೋಸರ್ ಸೋಲುತ್ತದೆ, ಬಾಗಿಲು ಚಿಲಕ ಬೀಳದೆ ನಾಲ್ಕು ಬೆರಳಷ್ಟು ತೆರೆದೇ ನಿಲ್ಲುತ್ತದೆ. ಹಾಗೆ ನಿಂತ ಬಾಗಿಲನ್ನು ಕಂಡರೆ ಸೆಕ್ಯುರಿಟಿಯವರು ಕೈಯಿಂದ ಎಳೆದು ಮುಚ್ಚುತ್ತಾರೆ, ವರದಿ ಬರೆಯುವವರು ಮುಚ್ಚಿದ ಮೇಲಿನ ಅಂಕಿಯನ್ನು ಬರೆದುಕೊಳ್ಳುತ್ತಾರೆ. ಆ ಬಾಗಿಲಿಗೆ ಬಲವಾದ ಕ್ಲೋಸರ್ ಬೇಕು, ಮಹಡಿಗಳ ಬಾಗಿಲಿಗೆ ಹಗುರವಾದದ್ದು ಬೇಕು. ಖರೀದಿಯ ಪಟ್ಟಿಯಲ್ಲಿ ಇವೆರಡೂ ಒಂದೇ ಸಾಲಿನಲ್ಲಿ, 21 ನಗ ಎಂದು ಬಂದಿದ್ದರೆ, ಫ್ಯಾನಿನ ಹತ್ತಿರ ಹೋಗುವ ಮುಂಚೆ ಅಲ್ಲಿಂದಲೇ ತಿದ್ದಲು ಶುರುಮಾಡಬಹುದು.